ಮಸ್ಕಾರಾ ಕೊಳವೆಗೆ ಮೂರು ತಿಂಗಳ ಆಯುಸ್ಸು

ಮಸ್ಕಾರಾ ಎಂದರೆ ರೆಪ್ಪೆಗೂದಲಿಗೆ ಹಚ್ಚುವ ಕಪ್ಪು ಲೇಪ. ಜೇನುಮೇಣ, ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಯಿಂದ ತೆಗೆದ ಮೇಣ, ಕಪ್ಪಿಗಾಗಿ ಕಬ್ಬಿಣದ ಆಕ್ಸೈಡ್, ಕೂದಲ ಮೇಲೆ ಪೊರೆ ಕಟ್ಟುವ ಪಾಲಿಮರ್ ಇವು ಅದರ ಮುಖ್ಯ ಸಾಮಗ್ರಿ. ಇವನ್ನೆಲ್ಲ ಮೆತ್ತಗೆ ಕಲಸಿ ಇಡುವುದು ನೀರು. ಸಾಮಾನ್ಯ ಮಸ್ಕಾರಾದಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚಾಗಿರುವುದು ಈ ನೀರೇ. ಕಣ್ಣಿಗೆ ಹಚ್ಚುವ ಒಂದು ವಸ್ತು ವರ್ಷಗಟ್ಟಲೆ ಕೆಡದೆ ಇರುತ್ತದೆಯೋ, ಕೆಲವೇ ತಿಂಗಳಲ್ಲಿ ಕೆಡುತ್ತದೆಯೋ ಎಂಬುದು ಬಹುಮಟ್ಟಿಗೆ ಅದರಲ್ಲಿ ನೀರು ಎಷ್ಟಿದೆ ಎಂಬುದನ್ನೇ ಅವಲಂಬಿಸಿದೆ. ಬ್ಯಾಕ್ಟೀರಿಯಾ ಬೆಳೆಯಲು ನೀರು ಬೇಕೇ ಬೇಕು.

ಮನೆಯಲ್ಲಿ ಮಾಡುವ ಕಾಡಿಗೆಯ ಜೊತೆ ಹೋಲಿಸಿದರೆ ಇದು ಬೇಗ ತಿಳಿಯುತ್ತದೆ. ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಟ್ಟೆ ಕವುಚಿ ಹಿಡಿದ ಮಸಿಯನ್ನು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿದರೆ ಕಾಡಿಗೆ ಆಗುತ್ತದೆ. ಅದರಲ್ಲಿ ಹನಿ ನೀರೂ ಇಲ್ಲ. ಹಾಗಾಗಿ ಕೆಡದಂತೆ ಕಾಪಾಡುವ ರಾಸಾಯನಿಕ ಏನನ್ನೂ ಸೇರಿಸದಿದ್ದರೂ ಕಾಡಿಗೆ ಡಬ್ಬಿಯೊಳಗೆ ಬ್ಯಾಕ್ಟೀರಿಯಾ ಸುಲಭವಾಗಿ ಹೆಚ್ಚುವುದಿಲ್ಲ. ಆದರೆ ಹೆಚ್ಚದಿದ್ದರೂ ದಾಟಬಲ್ಲದು: ಒಂದೇ ಬೆರಳಿನಿಂದ ಮನೆಯ ಮಕ್ಕಳಿಗೆಲ್ಲ ಸಾಲಾಗಿ ಹಚ್ಚಿದಾಗ ಒಂದು ಮಗುವಿನ ಕಣ್ಣುಬೇನೆ ಮಿಕ್ಕವರಿಗೂ ಅಂಟುತ್ತದೆ. ಸುರ್ಮಾದ ಅಪಾಯ ಬೇರೆಯೇ. ಸೀಸದ ಅದಿರನ್ನು ಅರೆದು ಮಾಡಿದ ಸುರ್ಮಾ ಎಷ್ಟು ಹೊಸದಾಗಿದ್ದರೂ ವಿಷವೇ. ಯಾವ ತಾರೀಕೂ ಅದನ್ನು ಸುರಕ್ಷಿತ ಮಾಡುವುದಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮಸ್ಕಾರಾ ಸಾಬೂನಿನ ಬಿಲ್ಲೆಯಂತೆ ಒಣ ರೂಪದಲ್ಲಿ ಸಿಗುತ್ತಿತ್ತು. ಚಿಕ್ಕ ಬ್ರಷ್ಷನ್ನು ಒದ್ದೆ ಮಾಡಿ ಅದರ ಮೇಲೆ ಉಜ್ಜಿಕೊಳ್ಳಬೇಕಿತ್ತು, ಎಷ್ಟೋ ಮಂದಿ ಉಗುಳಿನಿಂದಲೇ ಒದ್ದೆ ಮಾಡುತ್ತಿದ್ದರು. 1957ರ ಹೊತ್ತಿಗೆ ಹೆಲೆನಾ ರೂಬಿನ್‌ಸ್ಟೈನ್ ಕಂಪನಿ, ಕೊಳವೆಯೊಳಗೇ ಲೇಪ ತುಂಬಿ ಮುಚ್ಚಳಕ್ಕೇ ಕಡ್ಡಿ ಜೋಡಿಸಿದ ಮಸ್ಕಾರಾವನ್ನು ಮಾರುಕಟ್ಟೆಗೆ ತಂದಿತು. ಇಂದು ಎಲ್ಲರ ಕೈಯಲ್ಲಿರುವುದು ಅದೇ ವಿನ್ಯಾಸ. ಉಗುಳಿನ ಅಗತ್ಯ ತಪ್ಪಿತು, ಧೂಳೂ ತಪ್ಪಿತು. ಆದರೆ ಕಣ್ಣನ್ನು ಮುಟ್ಟಿದ ಬ್ರಷ್ ಪ್ರತಿಸಲವೂ ಉಳಿದ ಲೇಪದೊಳಕ್ಕೇ ಮರಳುವ ಹೊಸ ಏರ್ಪಾಡು ಅಲ್ಲಿಂದ ಶುರುವಾಯಿತು.

ರೆಪ್ಪೆಯಂಚು ಬರಡು ಜಾಗವಲ್ಲ. ಆರೋಗ್ಯವಾಗಿರುವ ಎಲ್ಲರ ರೆಪ್ಪೆಯಲ್ಲೂ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಮುಂತಾದ ಬ್ಯಾಕ್ಟೀರಿಯಾಗಳು ಸದಾ ನೆಲೆಸಿರುತ್ತವೆ. ಕೆಲವರಲ್ಲಿ ಕುರು, ಕೀವಿಗೆ ಕಾರಣವಾಗುವ ಸ್ಟೆಫಿಲೊಕಾಕಸ್ ಆರಿಯಸ್ ಕೂಡ ಇರುತ್ತದೆ. ಅವು ಅಲ್ಲಿದ್ದಷ್ಟು ಕಾಲ ಸಾಮಾನ್ಯವಾಗಿ ತೊಂದರೆ ಇಲ್ಲ. ಕಣ್ಣೀರಿನಲ್ಲಿ ಲೈಸೊಝೈಮ್ ಎಂಬ ಕಿಣ್ವ ಇದೆ, ಅದು ಬ್ಯಾಕ್ಟೀರಿಯಾದ ಗೋಡೆಯನ್ನೇ ಕರಗಿಸುತ್ತದೆ; ರೆಪ್ಪೆ ಬಡಿದಾಗೆಲ್ಲ ಕಣ್ಣೀರು ಕಣ್ಣನ್ನು ತೊಳೆದು ಮೂಗಿನ ಕಡೆಗೆ ಹರಿದುಹೋಗುತ್ತದೆ. ಕೊಳವೆಯೊಳಗೆ ಆ ಕಾವಲು ಇಲ್ಲ. ಅಲ್ಲಿ ಕತ್ತಲೆ ಇದೆ, ತೇವ ಇದೆ, ಕೋಣೆಯ ಬಿಸುಪು ಇದೆ. ಜೊತೆಗೆ ಬ್ರಷ್ಷಿಗೆ ಅಂಟಿಬಂದ ಚರ್ಮದ ಹೊಟ್ಟು, ಎಣ್ಣೆ, ಕಣ್ಣೀರು ಆಹಾರವಾಗಿ ಒದಗುತ್ತವೆ.

ತಯಾರಕರು ಇದನ್ನು ಬಲ್ಲರು. ಆದ್ದರಿಂದಲೇ ಮಸ್ಕಾರಾಕ್ಕೆ ಪ್ಯಾರಾಬೆನ್, ಫೀನಾಕ್ಸಿಎಥನಾಲ್ ಮೊದಲಾದ ಸಂರಕ್ಷಕಗಳನ್ನು ಸೇರಿಸುತ್ತಾರೆ. ಸಂರಕ್ಷಕ ಸಾಕಷ್ಟಿದೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಲೇಪದೊಳಕ್ಕೆ ಬೇಕೆಂದೇ ಬ್ಯಾಕ್ಟೀರಿಯಾ ಬೆರೆಸಿ ದಿನ ಎಣಿಸುತ್ತಾರೆ. ಅಂತರರಾಷ್ಟ್ರೀಯ ಮಾನದಂಡದ ಕಟ್ಟುನಿಟ್ಟಾದ ಮಟ್ಟವನ್ನು ದಾಟಬೇಕಾದರೆ ಏಳು ದಿನಗಳೊಳಗೆ ಅವುಗಳ ಸಂಖ್ಯೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯಬೇಕು, ಆಮೇಲೆ ಮತ್ತೆ ಏರಬಾರದು. ಈ ಏಳು ದಿನದ ಮಾತನ್ನು ಗಮನವಿಟ್ಟು ನೋಡಬೇಕು. ಸಂರಕ್ಷಕ ಮುಟ್ಟಿದೊಡನೆ ಕೊಲ್ಲುವ ವಿಷವಲ್ಲ, ನಿಧಾನವಾಗಿ ಕೆಲಸ ಮಾಡುವಂಥದು. ಬಳಕೆಯಲ್ಲಿರುವ ಕೊಳವೆಗಾದರೋ ದಿನವೂ ಹೊಸ ಬ್ಯಾಕ್ಟೀರಿಯಾ ಬಂದು ಸೇರುತ್ತದೆ.

ಲೆಕ್ಕ ಹಾಕಿ ನೋಡಬಹುದು. ದಿನಕ್ಕೊಮ್ಮೆ ಮಸ್ಕಾರಾ ಹಚ್ಚುವವರು ಪ್ರತಿ ಕಣ್ಣಿಗೆ ಒಂದು ಸಲವಾದರೂ ಬ್ರಷ್ಷನ್ನು ಅದ್ದುತ್ತಾರೆ. ಎರಡು ಪದರ ಹಚ್ಚುವವರು ನಾಲ್ಕು ಸಲ. ಕಡಿಮೆ ಎಂದು ಮೂರು ಸಲವನ್ನೇ ಹಿಡಿದರೂ ತೊಂಬತ್ತು ದಿನಕ್ಕೆ ಇನ್ನೂರ ಎಪ್ಪತ್ತು ಸಲ ರೆಪ್ಪೆಯ ಬ್ಯಾಕ್ಟೀರಿಯಾ ಆ ಪುಟ್ಟ ಕೊಳವೆಯೊಳಕ್ಕೆ ಹೋಗಿರುತ್ತದೆ. ಲೇಪ ಸಾಕಷ್ಟು ಹತ್ತಲಿಲ್ಲವೆಂದು ಕಡ್ಡಿಯನ್ನು ಪಿಚಕಾರಿಯಂತೆ ಮೇಲೆ ಕೆಳಗೆ ಆಡಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ಗಾಳಿಯೂ ಒಳಹೊಕ್ಕು ಲೇಪ ಬೇಗ ಒಣಗುತ್ತದೆ. ಒಣಗಿದ ಲೇಪಕ್ಕೆ ನಾಲ್ಕು ಹನಿ ನೀರನ್ನೋ ಗುಲಾಬಿ ನೀರನ್ನೋ ಹಾಕಿ ಸಡಿಲ ಮಾಡುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಬ್ಯಾಕ್ಟೀರಿಯಾಕ್ಕೆ ಬೇಕಾದ ನೀರು ಹೆಚ್ಚಿತು, ಸಂರಕ್ಷಕ ತೆಳ್ಳಗಾಯಿತು, ಹೊಸ ಸೂಕ್ಷ್ಮಾಣು ಬೇರೆ ಸೇರಿತು.

ಮೂರು ತಿಂಗಳು ಎಂಬ ಗಡುವನ್ನು ಬೆಂಬಲಿಸುವ ಅಧ್ಯಯನವೂ ಇದೆ. ನಲವತ್ತು ಮಹಿಳೆಯರಿಗೆ ಹೊಸ ಮಸ್ಕಾರಾ ಕೊಟ್ಟು, ಮೂರು ತಿಂಗಳ ಬಳಕೆಯ ನಂತರ ಮರಳಿ ಪಡೆದು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಬಂದ ಕೊಳವೆಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಿನವುಗಳಲ್ಲಿ ಸೂಕ್ಷ್ಮಾಣುಗಳು ಬೆಳೆದಿದ್ದವು. ಮೂರು ತಿಂಗಳಾದ ಮರುದಿನವೇ ಕೊಳವೆ ವಿಷವಾಗುತ್ತದೆ ಎಂದು ಇದರ ಅರ್ಥವಲ್ಲ, ಅಲ್ಲಿಯವರೆಗೆ ಪೂರ್ತಿ ಶುದ್ಧವಾಗಿರುತ್ತದೆ ಎಂದೂ ಅಲ್ಲ. ಅಷ್ಟು ಕಾಲದ ಮೇಲೆ ಸಂರಕ್ಷಕವನ್ನು ನಂಬುವುದು ಕಷ್ಟ, ಅಷ್ಟೇ. ವಾಸನೆ ಬದಲಾದರೆ, ಲೇಪ ಗಂಟುಗಂಟಾದರೆ, ಎಣ್ಣೆ ಬೇರೆ ನೀರು ಬೇರೆಯಾದರೆ ಮೂರು ತಿಂಗಳು ಕಾಯದೆ ಎಸೆಯಬೇಕು. ಆದರೆ ಇವು ಯಾವುದೂ ಕಾಣಿಸದೆಯೂ ಕೊಳವೆ ಕಲುಷಿತವಾಗಿರಬಲ್ಲದು. ನೋಡಿ, ಮೂಸಿ ತಿಳಿಯಲಾಗದ್ದರಿಂದಲೇ ತಾರೀಕು ಬರೆದಿಡಬೇಕಾಗುತ್ತದೆ.

ಬ್ಯಾಕ್ಟೀರಿಯಾ ತುಂಬಿದ ಲೇಪ ರೆಪ್ಪೆಗೂದಲ ಮೇಲೆಯೇ ಉಳಿದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಹೆಚ್ಚೆಂದರೆ ರೆಪ್ಪೆಯಂಚು ಕೆಂಪಾಗಿ ಉರಿಯುತ್ತದೆ, ಅಥವಾ ಕೂದಲ ಬುಡದಲ್ಲಿ ಕುರು ಏಳುತ್ತದೆ, ಬಿಸಿನೀರಿನ ಶಾಖಕ್ಕೆ ಇಳಿಯುತ್ತದೆ. ನಿಜವಾದ ಅನಾಹುತ ಆಗುವುದು ಬ್ರಷ್ಷಿನ ತುದಿ ಜಾರಿ ಕಣ್ಣಿಗೆ ಗೀಚಿದಾಗ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ನೇತ್ರವೈದ್ಯ ಲೂಯಿಸ್ ವಿಲ್ಸನ್ ಮತ್ತು ಸೂಕ್ಷ್ಮಜೀವಿ ವಿಜ್ಞಾನಿ ಡೊನಾಲ್ಡ್ ಅಹರ್ನ್ 1970ರ ದಶಕದಲ್ಲಿ ಈ ಸಂಬಂಧವನ್ನು ಬಯಲಿಗೆ ತಂದರು. ಕಲುಷಿತ ಮಸ್ಕಾರಾದಿಂದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ತಗುಲಿ ಕಾರ್ನಿಯಾದಲ್ಲಿ ಹುಣ್ಣಾದ ಪ್ರಕರಣಗಳನ್ನು ಅವರು 1977ರಲ್ಲಿ ವರದಿ ಮಾಡಿದರು. ಮಸ್ಕಾರಾಕ್ಕೆ ಹಾಕುವ ಸಂರಕ್ಷಕದ ಬಗ್ಗೆ ಕಾಳಜಿ ಹೆಚ್ಚಿದ್ದು ಇಂಥ ಕೆಲಸದ ನಂತರ.

ಕಾರ್ನಿಯಾ ಎಂದರೆ ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪೊರೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರೊಳಗೆ ರಕ್ತನಾಳಗಳಿಲ್ಲ, ಇದ್ದಿದ್ದರೆ ನೋಟಕ್ಕೆ ಅಡ್ಡ ಬರುತ್ತಿದ್ದವು. ಹೀಗಾಗಿ ಸೋಂಕು ತಗುಲಿದರೆ ರಕ್ತದ ಬಿಳಿ ಕಣಗಳು ಅಲ್ಲಿಗೆ ಬೇಗ ತಲುಪಲಾರವು. ಹೊರಗಿನ ತೆಳು ಪದರ ಸರಿಯಾಗಿ ಇರುವ ತನಕ ಸ್ಯೂಡೊಮೊನಾಸ್ ಸುಲಭಕ್ಕೆ ಒಳನುಗ್ಗಲಾರದು. ಬ್ರಷ್ ಗೀಚಿದಾಗ ಹರಿಯುವುದು ಆ ಪದರವೇ, ಅದೇ ಕ್ಷಣಕ್ಕೆ ಬ್ರಷ್ಷಿನಲ್ಲಿದ್ದ ಲೇಪವೂ ಗಾಯಕ್ಕೆ ಸವರಿರುತ್ತದೆ. ಅಂದರೆ ಬಾಗಿಲು ಒಡೆಯುವುದೂ ಕಳ್ಳನನ್ನು ಒಳಗೆ ಬಿಡುವುದೂ ಒಂದೇ ಕೈಯ ಕೆಲಸ. ಈ ಬ್ಯಾಕ್ಟೀರಿಯಾ ಹೊರಸೂಸುವ ಕಿಣ್ವಗಳು ಕಾರ್ನಿಯಾದ ಕೊಲಾಜೆನ್ ಎಳೆಗಳನ್ನೇ ಕರಗಿಸುತ್ತವೆ. ಚಿಕಿತ್ಸೆ ಸಿಗದಿದ್ದರೆ ಕೆಲವೇ ದಿನಗಳಲ್ಲಿ ಕಾರ್ನಿಯಾ ತೂತು ಬೀಳಬಹುದು. ಗುಣವಾದ ಮೇಲೂ ಬಿಳಿ ಕಲೆ ಉಳಿಯುತ್ತದೆ, ಅದು ಪಾಪೆಯ ಎದುರಿಗೇ ಬಂದರೆ ನೋಟ ಮಂಜಾಗುತ್ತದೆ.

ಬೆಳಿಗ್ಗೆ ಎಂಟಕ್ಕೆ ಹೊರಡುವ ಆತುರದಲ್ಲಿ, ಹೋಗುವ ಬಸ್ಸಿನಲ್ಲಿ, ಎಂಟು ತಿಂಗಳ ಹಿಂದೆ ತೆರೆದ ಕೊಳವೆಯಿಂದ ಮಸ್ಕಾರಾ ಹಚ್ಚುವಾಗ ಬ್ರಷ್ ಕಣ್ಣಿಗೆ ತಗುಲಿತು ಎಂದಿಟ್ಟುಕೊಳ್ಳಬಹುದು. ಚುಚ್ಚಿದ ನೋವು, ಧಾರೆ ನೀರು. ಹತ್ತು ನಿಮಿಷಕ್ಕೆ ಸ್ವಲ್ಪ ತಗ್ಗುತ್ತದೆ. ಬರಿಯ ಗೀಚುಗಾಯವಾದರೆ ಕಸ ಬಿದ್ದಂತೆ ಒತ್ತುತ್ತಿದ್ದು, ಒಂದೆರಡು ದಿನದಲ್ಲಿ ದಿನದಿಂದ ದಿನಕ್ಕೆ ಕಡಿಮೆಯಾಗಿ ಮಾಯುತ್ತದೆ. ಸೋಂಕು ತಗುಲಿದ್ದರೆ ಅದು ತಿರುವುಮುರುವು. ಅಂದು ರಾತ್ರಿಯೋ ಮಾರನೆಯ ದಿನವೋ ನೋವು ಏರುತ್ತದೆ, ಬೆಳಕು ನೋಡಲಾಗುವುದಿಲ್ಲ, ಹಳದಿ ಹಸಿರು ಬಣ್ಣದ ಪಿಸುರು ಕಟ್ಟುತ್ತದೆ, ದೃಷ್ಟಿ ಮಸುಕಾಗುತ್ತದೆ, ಕನ್ನಡಿಯಲ್ಲಿ ನೋಡಿದರೆ ಕಪ್ಪು ಭಾಗದ ಮೇಲೆ ಬಿಳಿ ಚುಕ್ಕೆ ಕಾಣಬಹುದು. ಸಾಮಾನ್ಯ ಕೆಂಗಣ್ಣಿನಲ್ಲಿ ಇಷ್ಟು ನೋವಿರುವುದಿಲ್ಲ, ಪಿಸುರು ಒರೆಸಿದ ಮೇಲೆ ನೋಟ ಸ್ವಚ್ಛವಾಗಿರುತ್ತದೆ. ನೋವು ಏರುತ್ತಿದೆಯೋ ಇಳಿಯುತ್ತಿದೆಯೋ, ನೋಟ ಮಸುಕಾಗಿದೆಯೋ ಇಲ್ಲವೋ, ಈ ಎರಡನ್ನು ಗಮನಿಸಿದರೆ ಸಾಕು. ಏರುತ್ತಿದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ವೈದ್ಯರು ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣವನ್ನು ಕಣ್ಣಿಗೆ ಸೋಕಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಪದರ ಹರಿದ ಕಡೆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಹುಣ್ಣಿನಿಂದ ಚೂರು ಕೆರೆದು ಪ್ರಯೋಗಾಲಯಕ್ಕೆ ಕಳಿಸಿ, ಉತ್ತರ ಬರುವ ಮೊದಲೇ ಆ್ಯಂಟಿಬಯೋಟಿಕ್ ಹನಿಗಳನ್ನು ಶುರು ಮಾಡುತ್ತಾರೆ. ಮೊದಲ ಒಂದೆರಡು ದಿನ ರಾತ್ರಿಯೂ ಸೇರಿ ಗಂಟೆಗೊಮ್ಮೆ ಹಾಕಬೇಕಾಗಬಹುದು. ಬಳಸಿದ ಮಸ್ಕಾರಾ ಕೊಳವೆಯನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು, ಅದರಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕರೆ ಮೂಲ ಖಚಿತವಾಗುತ್ತದೆ. ಔಷಧದಂಗಡಿಯಲ್ಲಿ ಕೇಳಿ ತಂದ ಹನಿಯನ್ನು ಈ ಹೊತ್ತಿನಲ್ಲಿ ಹಾಕಲೇಬಾರದು. ಕೆಂಪು ಇಳಿಸಲೆಂದು ಕೊಡುವ ಹಲವು ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಅದು ಕೆಂಪನ್ನು ಇಳಿಸಿ ಸಮಾಧಾನ ಕೊಡುತ್ತದೆ, ಹುಣ್ಣು ಮಾತ್ರ ಒಳಗೊಳಗೇ ಆಳಕ್ಕೆ ಇಳಿಯುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರಿಗೆ ಅಪಾಯ ಹೆಚ್ಚು. ಲೆನ್ಸ್ ಇರುವ ಕಣ್ಣಿನ ಹೊರಪದರ ಮೊದಲೇ ಸ್ವಲ್ಪ ಬಸವಳಿದಿರುತ್ತದೆ, ಲೇಪದ ಕಣಗಳೂ ಸೂಕ್ಷ್ಮಾಣುಗಳೂ ಲೆನ್ಸಿಗೆ ಅಂಟಿ ಕಾರ್ನಿಯಾದ ಮೇಲೆಯೇ ಕೂರುತ್ತವೆ. ಅವರು ಕೈ ತೊಳೆದು ಲೆನ್ಸ್ ಹಾಕಿಕೊಂಡ ನಂತರ ಮೇಕಪ್ ಮಾಡಬೇಕು, ಸಂಜೆ ಲೆನ್ಸ್ ತೆಗೆದ ನಂತರ ಮೇಕಪ್ ಒರೆಸಬೇಕು. ರೆಪ್ಪೆಗೂದಲ ಒಳಬದಿಯ ತೇವದ ಅಂಚಿಗೆ ಪೆನ್ಸಿಲ್ ಎಳೆಯುವುದೂ ಅವರಿಗೆ ಒಗ್ಗುವುದಿಲ್ಲ. ಆ ಅಂಚಿನಲ್ಲಿ ಸಾಲಾಗಿ ಇರುವ ಮೈಬೋಮಿಯನ್ ಗ್ರಂಥಿಗಳ ಬಾಯಿಗಳು ಕಣ್ಣೀರಿನ ಮೇಲೆ ಎಣ್ಣೆಯ ತೆಳು ಪದರ ಹರಡಿ ಅದು ಆರದಂತೆ ನೋಡಿಕೊಳ್ಳುತ್ತವೆ. ಪೆನ್ಸಿಲ್ಲಿನ ಮೇಣ ಅವನ್ನು ಮುಚ್ಚಿದರೆ ಕಣ್ಣು ಒಣಗಿ ಉರಿಯುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮಿನುಗುವ ಕಣಗಳಿದ್ದ ಪೆನ್ಸಿಲ್ ಬಳಸಿ ಕಣ್ಣೀರನ್ನು ವೀಡಿಯೊದಲ್ಲಿ ನೋಡಿದಾಗ, ಒಳಬದಿಗೆ ಎಳೆದ ಬಣ್ಣ ಹೊರಬದಿಗೆ ಎಳೆದದ್ದಕ್ಕಿಂತ ಬೇಗ, ಹೆಚ್ಚಾಗಿ ಕಣ್ಣೀರಿಗೆ ಸೇರಿದ್ದು ಕಂಡಿತು.

ಮಸ್ಕಾರಾದ ಗೊಡವೆಯೇ ಬೇಡವೆಂದು ಹಲವರು ಐಲ್ಯಾಶ್ ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳುತ್ತಾರೆ. ಇದು ಮದುವೆಯ ದಿನ ಪಟ್ಟಿಯಂತೆ ಅಂಟಿಸಿ ರಾತ್ರಿ ಕಿತ್ತಿಡುವ ಹುಸಿ ರೆಪ್ಪೆಯಲ್ಲ. ಮಲಗಿಸಿ, ಕೆಳರೆಪ್ಪೆಗೆ ಪಟ್ಟಿ ಅಂಟಿಸಿ, ಕಣ್ಣು ಮುಚ್ಚಿಸಿ, ಎರಡು ಚಿಮುಟದಿಂದ ಒಂದೊಂದೇ ಸಹಜ ಕೂದಲನ್ನು ಬೇರ್ಪಡಿಸಿ, ಒಂದೊಂದಕ್ಕೂ ನೈಲಾನಿನಂಥ ಕೃತಕ ಎಳೆಯನ್ನು ಅಂಟಿಸುತ್ತಾರೆ. ಅಂಟು ಚರ್ಮಕ್ಕೆ ತಾಗದಂತೆ ಒಂದೆರಡು ಮಿಲಿಮೀಟರ್ ಬಿಟ್ಟು ಹಚ್ಚಬೇಕು. ಕೆಲಸಕ್ಕೆ ಒಂದೂವರೆ, ಎರಡು ಗಂಟೆ ಹಿಡಿಯುತ್ತದೆ. ಸಹಜ ಕೂದಲು ತನ್ನ ಕಾಲ ಮುಗಿದು ಉದುರುವಾಗ ಕೃತಕ ಎಳೆಯನ್ನೂ ಒಯ್ಯುವುದರಿಂದ ಎರಡು ಮೂರು ವಾರಕ್ಕೊಮ್ಮೆ ಖಾಲಿ ಜಾಗ ತುಂಬಿಸಬೇಕಾಗುತ್ತದೆ.

ಅಂಟು ಸಾಮಾನ್ಯವಾಗಿ ಸಯನೊಆಕ್ರಿಲೇಟ್, ಮನೆಯಲ್ಲಿ ಮುರಿದ ಆಟಿಕೆ ಅಂಟಿಸುವ ದಿಢೀರ್ ಅಂಟಿನ ಕುಲದ್ದೇ. ಗಾಳಿಯ ತೇವಕ್ಕೆ ಅದು ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಆವಿ ಬಿಡುತ್ತದೆ. ಇಂಥ ಅಂಟುಗಳು ಫಾರ್ಮಾಲ್ಡಿಹೈಡ್ ಹೊರಸೂಸಬಲ್ಲವು. ಎಕ್ಸ್‌ಟೆನ್ಷನ್ ಬಹಳ ಜನಪ್ರಿಯವಾದ ಜಪಾನಿನಲ್ಲಿ, ಅದರಿಂದ ಕಣ್ಣು ಕೆಟ್ಟು ಆಸ್ಪತ್ರೆಗೆ ಬಂದ 107 ಮಹಿಳೆಯರ ವಿವರ 2012ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚಿನವರಿಗೆ ಕಣ್ಣಿನ ಬಿಳಿಪೊರೆ ಮತ್ತು ಕಾರ್ನಿಯಾ ಉರಿಯೂತಗೊಂಡಿತ್ತು. ಉಳಿದವರಲ್ಲಿ ಹೆಚ್ಚಿನವರಿಗೆ ರೆಪ್ಪೆಯ ಅಲರ್ಜಿ. ಕೆಳರೆಪ್ಪೆಗೆ ಅಂಟಿಸಿದ ಪಟ್ಟಿ ಕಣ್ಣಿಗೇ ಉಜ್ಜಿ ಗಾಯವಾದವರೂ ಇದ್ದರು. ಜಪಾನ್ ಸರ್ಕಾರ 2008ರಲ್ಲೇ ಈ ಕೆಲಸವನ್ನು ಪರವಾನಗಿ ಪಡೆದ ಸೌಂದರ್ಯತಜ್ಞರಷ್ಟೇ ಮಾಡಬಹುದೆಂದು ಸ್ಪಷ್ಟಪಡಿಸಿತ್ತು. ಎಲ್ಲಿ ಮಾಡಿಸಿಕೊಂಡರೂ ಅಂಟಿನ ಹೆಸರು ಕೇಳುವುದು, ಒಂದೆರಡು ದಿನ ಮೊದಲೇ ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ ನೋಡುವುದು ಸರಿಯಾದ ಕ್ರಮ. ಇಂದು ತುರಿಕೆ ಬರದಿದ್ದ ಮಾತ್ರಕ್ಕೆ ಮುಂದೆಯೂ ಬರುವುದಿಲ್ಲವೆನ್ನಲಾಗದು. ಅಲರ್ಜಿ ನಾಲ್ಕನೆಯ, ಐದನೆಯ ಸಲಕ್ಕೂ ಹುಟ್ಟಿಕೊಳ್ಳಬಹುದು.

ಸೋಂಕಿನ ಮಾತಿಗೆ ಬಂದರೆ ಎಕ್ಸ್‌ಟೆನ್ಷನ್‌ನ ತೊಡಕು ಅಂಟಿಸಿದ ದಿನ ಮುಗಿಯುವುದಿಲ್ಲ. ಎಣ್ಣೆ ತಾಗಿದರೆ ಅಂಟು ಬಿಡುತ್ತದೆ, ಉಜ್ಜಿದರೆ ಎಳೆ ಉದುರುತ್ತದೆ ಎಂಬ ಹೆದರಿಕೆಯಿಂದ ಹಲವರು ವಾರಗಟ್ಟಲೆ ರೆಪ್ಪೆಯನ್ನು ತೊಳೆಯುವುದೇ ಇಲ್ಲ. ಎಳೆಗಳ ಬುಡದಲ್ಲಿ ಜಿಡ್ಡು, ಹೊಟ್ಟು, ಹಳೆಯ ಮೇಕಪ್ ಕೂತು ಬ್ಯಾಕ್ಟೀರಿಯಾಕ್ಕೂ, ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳುವಿಗೂ ಮನೆಯಾಗುತ್ತದೆ. ಬೆಳಿಗ್ಗೆ ಎದ್ದಾಗ ರೆಪ್ಪೆಯಂಚು ಕೆಂಪಾಗಿ ತುರಿಸುತ್ತಿದ್ದು, ಕೂದಲ ಬುಡದಲ್ಲಿ ತಲೆಹೊಟ್ಟಿನಂಥದು ಕಂಡರೆ ಇದು ಬ್ಲೆಫರೈಟಿಸ್. ಎಣ್ಣೆಯಿಲ್ಲದ, ರೆಪ್ಪೆಗೆಂದೇ ಮಾಡಿದ ನೊರೆಯಿಂದ ಮೃದುವಾದ ಬ್ರಷ್ ಬಳಸಿ ದಿನವೂ ತೊಳೆದರೆ ಎಳೆಯೂ ಉಳಿಯುತ್ತದೆ, ರೆಪ್ಪೆಯೂ ಶುದ್ಧವಾಗಿರುತ್ತದೆ. ತುರಿಕೆಗೆ ಎಳೆಗಳನ್ನು ಕಿತ್ತುಕೊಳ್ಳುವುದು ಮಾತ್ರ ಕೂಡದು, ಸಹಜ ಕೂದಲೂ ಬುಡಸಹಿತ ಬರುತ್ತದೆ. ಅಂಟು ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹರಿಸಿ ನೇರ ಆಸ್ಪತ್ರೆಗೆ ಹೋಗಬೇಕು; ರೆಪ್ಪೆಗಳು ಅಂಟಿಕೊಂಡಿದ್ದರೆ ಎಳೆದು ಬಿಡಿಸುವ ಪ್ರಯತ್ನ ಬೇಡ.

ಇನ್ನು ಡಬ್ಬಿಯ ಮೇಲಿನ ತಾರೀಕುಗಳು. ಭಾರತದಲ್ಲಿ ಮಾರುವ ಸೌಂದರ್ಯವರ್ಧಕದ ಮೇಲೆ ಎಲ್ಲಿಯವರೆಗೆ ಬಳಸಬಹುದೆಂಬ ದಿನಾಂಕ ಇರುತ್ತದೆ. ಅದು ತೆರೆಯದೆ ಇಟ್ಟ ಡಬ್ಬಿಯ ಲೆಕ್ಕ. ಇನ್ನೊಂದು ಗುರುತು ಮುಚ್ಚಳ ತೆರೆದ ಪುಟ್ಟ ಭರಣಿಯ ಚಿತ್ರ, ಅದರೊಳಗೆ 6M ಎಂದೋ 12M ಎಂದೋ ಬರೆದಿರುತ್ತದೆ. ಯುರೋಪಿನ ನಿಯಮದಿಂದ ಬಂದ ಈ ಗುರುತು, ತೆರೆದ ಮೇಲೆ ಎಷ್ಟು ತಿಂಗಳು ಎಂಬುದನ್ನು ಹೇಳುತ್ತದೆ. ಒಂದು ಮಸ್ಕಾರಾದ ಮೇಲೆ ಡಿಸೆಂಬರ್ 2026ರವರೆಗೆ ಎಂದೂ 6M ಎಂದೂ ಇದ್ದು, ಅದನ್ನು ಏಪ್ರಿಲ್ 2025ರಲ್ಲಿ ತೆರೆದರೆ, ತಯಾರಕರ ಮಾತಿನಂತೆಯೇ ಅದರ ಕಾಲ ಅಕ್ಟೋಬರ್ 2025ಕ್ಕೆ ಮುಗಿಯಿತು. ಕಣ್ಣಿನ ವೈದ್ಯರ ಎಚ್ಚರಿಕೆಯಂತೆ ಜುಲೈಗೇ ಬದಲಿಸಬೇಕು. 2026 ಎಂಬ ದೊಡ್ಡ ಅಂಕಿಯನ್ನು ನೋಡಿ ಇನ್ನೂ ವರ್ಷವಿದೆ ಎಂದುಕೊಳ್ಳುವುದೇ ಸಾಮಾನ್ಯವಾಗಿ ಆಗುವ ತಪ್ಪು. ತೆರೆದ ದಿನವನ್ನು ಚೂರು ಕಾಗದದಲ್ಲಿ ಬರೆದು ಕೊಳವೆಗೆ ಅಂಟಿಸಿದರೆ ಈ ತಪ್ಪು ಆಗುವುದಿಲ್ಲ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಕೊಳವೆಗೆ ಈ ಲೆಕ್ಕ ಯಾವುದೂ ಅನ್ವಯಿಸದು, ಬಿಸಿಗೆ ಸಂರಕ್ಷಕದ ಬಲವೇ ಕುಂದುತ್ತದೆ.

ದ್ರವರೂಪದ ಐಲೈನರಿನ ಕಥೆಯೂ ಮಸ್ಕಾರಾದ್ದೇ, ನೀರೂ ಇದೆ, ಅದ್ದುವ ಬ್ರಷ್ಷೂ ಇದೆ. ಪೆನ್ಸಿಲ್ ಹೆಚ್ಚು ಕಾಲ ಬಾಳುತ್ತದೆ. ಮೇಣದಲ್ಲಿ ನೀರಿಲ್ಲ, ಪ್ರತಿಸಲ ಕೆತ್ತಿದಾಗ ಕಣ್ಣು ಮುಟ್ಟಿದ ತುದಿ ಹೋಗಿ ಹೊಸ ತುದಿ ಬರುತ್ತದೆ. ಒಣ ಪುಡಿಯ ಐಶ್ಯಾಡೊ ಒಂದು ವರ್ಷಕ್ಕೂ ಮೀರಿ ಬರಬಹುದು, ಆದರೆ ಅದಕ್ಕೆ ಒದ್ದೆ ಬ್ರಷ್ ತಾಗಿಸಿದರೆ ಆ ಅನುಕೂಲ ಹೋಯಿತು. ವಾಟರ್‌ಪ್ರೂಫ್ ಮಸ್ಕಾರಾದಲ್ಲಿ ನೀರು ತೀರ ಕಡಿಮೆ, ಬ್ಯಾಕ್ಟೀರಿಯಾ ಬೆಳೆಯುವುದೂ ಕಡಿಮೆ. ಆದರೆ ತೆಗೆಯುವಾಗ ಎಣ್ಣೆ ಹಚ್ಚಿ ಉಜ್ಜಬೇಕು, ದಿನನಿತ್ಯ ಹಾಗೆ ಉಜ್ಜಿದರೆ ರೆಪ್ಪೆಯೂ ಕೂದಲೂ ಬಳಲುತ್ತವೆ.

ಮದುವೆಮನೆಯಲ್ಲಿ ಒಬ್ಬರೇ ಮೇಕಪ್ ಕಲಾವಿದೆ ಮದುಮಗಳಿಗೂ, ಅವಳ ತಾಯಿಗೂ, ಅತ್ತಿಗೆ ನಾದಿನಿಯರಿಗೂ ಸಾಲಾಗಿ ಹಚ್ಚುವಾಗ ಕೊಳವೆಯ ವಯಸ್ಸಿಗಿಂತ ಬ್ರಷ್ಷಿನ ಓಡಾಟವೇ ಮುಖ್ಯವಾಗುತ್ತದೆ. ನಿನ್ನೆ ತೆರೆದ ಕೊಳವೆಯೂ ಆರು ಜನರ ಕಣ್ಣನ್ನು ಮುಟ್ಟಿ ಬಂದಿರಬಹುದು. ಎಸೆಯುವ ಬ್ರಷ್ಷುಗಳು ನೂರರ ಕಟ್ಟಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಒಂದು ಬ್ರಷ್ ಒಮ್ಮೆ ಮಾತ್ರ ಕೊಳವೆಗೆ ಹೋಗಬೇಕು, ಎರಡನೆಯ ಪದರಕ್ಕೆ ಇನ್ನೊಂದು ಬ್ರಷ್. ಎಕ್ಸ್‌ಟೆನ್ಷನ್‌ನ ಚಿಮುಟವನ್ನು ಪ್ರತಿಯೊಬ್ಬರ ನಂತರ ತೊಳೆದು, ಒರೆಸಿ, ಸೋಂಕುನಾಶಕದಲ್ಲಿ ಹೇಳಿದಷ್ಟು ಹೊತ್ತು ಮುಳುಗಿಸಿಡಬೇಕು. ಕುರ್ಚಿಯ ಮೇಲೆ ಕೂತವರು ಇದನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚಪಡಬೇಕಾದ್ದೇನೂ ಇಲ್ಲ.

ಕೆಂಗಣ್ಣೋ ರೆಪ್ಪೆಯ ಕುರುವೋ ಬಂದಾಗ ಕಣ್ಣಿನ ಮೇಕಪ್ ಪೂರ್ತಿ ನಿಲ್ಲಿಸಬೇಕು. ಆಗ ಬಳಕೆಯಲ್ಲಿದ್ದ ಮಸ್ಕಾರಾವನ್ನೂ ದ್ರವ ಐಲೈನರನ್ನೂ ಅವು ಎಷ್ಟೇ ಹೊಸತಾಗಿದ್ದರೂ ಎಸೆಯಬೇಕು, ಏಕೆಂದರೆ ಬೇನೆ ಗುರುತಿಗೆ ಬರುವ ಮೊದಲ ಒಂದೆರಡು ದಿನ ಅವೇ ಬ್ರಷ್ಷುಗಳು ಆ ಕಣ್ಣಿಗೂ ಕೊಳವೆಗೂ ನಡುವೆ ಓಡಾಡಿರುತ್ತವೆ. ಪೆನ್ಸಿಲ್ಲನ್ನು ಒಂದಿಷ್ಟು ಆಳಕ್ಕೆ ಕೆತ್ತಿ, ಕೆತ್ತುವ ಶಾರ್ಪನರನ್ನೂ ಒರೆಸಿ ಇಟ್ಟುಕೊಳ್ಳಬಹುದು. ಹೊಸ ಕೊಳವೆ ತೆರೆಯುವುದು, ವೈದ್ಯರು ಹನಿ ನಿಲ್ಲಿಸಿ ಎಂದ ಮೇಲೆ.